ಹಾಲಿನ ಗಾಡಿಯ ದಾರಿ ಮತ್ತು ಗೈಡ್‌ಗೆ ಒಂದು ಪತ್ರ

ಅಂತಿಮ ವರ್ಷದ ಪ್ರಾಜೆಕ್ಟ್ ಶುರುವಾಗುವ ಹೊತ್ತಿಗೆ ಗೈಡ್‌ಗಳ ಕೈಗೆ ಇಂಥ ಪತ್ರಗಳು ಬರುತ್ತವೆ: “ಸರ್, ನಮ್ಮ ಟಾಪಿಕ್ ಜೆನೆಟಿಕ್ ಆಲ್ಗರಿದಂ ಬಳಸಿ ರೂಟ್ ಆಪ್ಟಿಮೈಸೇಷನ್. ಡೇಟಾ ಆನ್‌ಲೈನ್‌ನಲ್ಲಿ ತಗೋತೀವಿ. ದಯವಿಟ್ಟು ಒಪ್ಪಿಗೆ ಕೊಡಿ.” ಓದಿದ ಗೈಡ್‌ಗೆ ಗೊತ್ತಾಗುವುದು ಆಲ್ಗರಿದಮ್ಮಿನ ಹೆಸರು ಮಾತ್ರ. ಯಾರ ಗಾಡಿ, ಎಲ್ಲಿಂದ ಎಲ್ಲಿಗೆ, ಏನು ಹೊತ್ತು ಹೋಗುತ್ತದೆ, ಏನು ಕಡಿಮೆಯಾಗಬೇಕು, ಅದು ಕಡಿಮೆಯಾಯಿತೆಂದು ಹೇಗೆ ತಿಳಿಯುವುದು ಎಂಬ ಒಂದಕ್ಕೂ ಉತ್ತರವಿಲ್ಲ. ಸಿನಾಪ್ಸಿಸ್ ಆಮೇಲೆ ಇಂಗ್ಲಿಷಿನಲ್ಲಿ, ಕಾಲೇಜಿನ ನಮೂನೆಯಲ್ಲಿ ಹೋಗಲಿ. ಅದಕ್ಕೆ ಮೊದಲು ಗೈಡ್‌ಗೆ ಬರೆಯುವ ಎರಡು ಪುಟದ ಪತ್ರದಲ್ಲೇ ಈ ಪ್ರಶ್ನೆಗಳು ಬಗೆಹರಿಯಬೇಕು.

ಅಂಥ ಪತ್ರ ಹೇಗೆ ಕಟ್ಟಿಕೊಳ್ಳುತ್ತದೆ ಎಂದು ತೋರಿಸಲು ಒಂದು ಮಾದರಿಯನ್ನು ಇಲ್ಲಿ ತುಂಡುತುಂಡಾಗಿ ಬಿಡಿಸಿದ್ದೇನೆ. ವಿಷಯ, ಹಳ್ಳಿಗಳಿಂದ ಶೀತಲೀಕರಣ ಕೇಂದ್ರಕ್ಕೆ ಬೆಳಿಗ್ಗೆ ಹಾಲಿನ ಕ್ಯಾನ್ ತರುವ ಗಾಡಿಗಳ ದಾರಿ. ಪತ್ರದಲ್ಲಿರುವ ಅಂಕಿಗಳು ಲೆಕ್ಕ ಅರ್ಥವಾಗಲೆಂದು ಇಟ್ಟವು; ಲೆಕ್ಕದ ಕ್ರಮ ಮಾತ್ರ ನಿಜವಾದ ಕೆಲಸದಲ್ಲಿ ಇರುವಂಥದ್ದೇ.

ಮೊದಲ ಪ್ಯಾರಾ: ಯಾರ ನಿರ್ಧಾರ?

> ಮಾನ್ಯ ಮೇಡಂ ಅವರಿಗೆ ನಮಸ್ಕಾರಗಳು.
>
> ನಮ್ಮೂರ ಡೈರಿಯೂ ಸೇರಿ 18 ಹಾಲು ಉತ್ಪಾದಕರ ಸಹಕಾರ ಸಂಘಗಳ ಹಾಲು ಪ್ರತಿದಿನ ಬೆಳಿಗ್ಗೆ ಮೂರು ಬಾಡಿಗೆ ಗಾಡಿಗಳಲ್ಲಿ ತಾಲ್ಲೂಕಿನ ಶೀತಲೀಕರಣ ಕೇಂದ್ರಕ್ಕೆ ಹೋಗುತ್ತದೆ. ಯಾವ ಗಾಡಿ ಯಾವ ಯಾವ ಊರಿಗೆ, ಯಾವ ಕ್ರಮದಲ್ಲಿ ಹೋಗಬೇಕೆಂದು ಕೇಂದ್ರದ ಶೇಖರಣಾ ವಿಭಾಗ ನಿರ್ಧರಿಸುತ್ತದೆ. ಗಾಡಿಯವರಿಗೆ ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ. ಹೊಸ ಸಂಘ ಸೇರಿದಾಗ ಹತ್ತಿರದ ದಾರಿಗೆ ಅದನ್ನು ಜೋಡಿಸಿಕೊಂಡು ಬಂದಿದ್ದಾರೆ. ಮೂರೂ ದಾರಿಗಳನ್ನು ಒಟ್ಟಿಗೆ ಇಟ್ಟು ನೋಡಿಲ್ಲ. ಬೆಳಗಿನ ಸರದಿಯ ಒಟ್ಟು ಕಿಲೋಮೀಟರ್ ಕಡಿಮೆ ಮಾಡಬಹುದೇ ಎಂದು ಪರೀಕ್ಷಿಸುವುದು ನಮ್ಮ ನಾಲ್ವರ ಪ್ರಾಜೆಕ್ಟಿನ ವಿಷಯ.

ಈ ಪ್ಯಾರಾದಲ್ಲಿ ಆಲ್ಗರಿದಮ್ಮಿನ ಸುದ್ದಿಯೇ ಇಲ್ಲ. ಇರುವುದು ಒಂದು ನಿರ್ಧಾರ ಮತ್ತು ಅದನ್ನು ತೆಗೆದುಕೊಳ್ಳುವ ಒಂದು ಕಚೇರಿ. ಆಪ್ಟಿಮೈಸೇಷನ್ ಎಂದರೆ ಕೈಯಲ್ಲಿರುವ ಕಟ್ಟುಪಾಡುಗಳೊಳಗೆ ಅತ್ಯುತ್ತಮ ನಿರ್ಧಾರ ಹುಡುಕುವುದು. ನಿರ್ಧರಿಸುವವರೇ ಇಲ್ಲದಿದ್ದರೆ ಹುಡುಕಿ ಕೊಡುವುದು ಯಾರಿಗೆ? “ನಗರದ ಟ್ರಾಫಿಕ್ ಆಪ್ಟಿಮೈಸೇಷನ್” ಎಂಬ ಶೀರ್ಷಿಕೆಗಳು ಮುಗ್ಗರಿಸುವುದು ಇಲ್ಲೇ. ಅಲ್ಲಿ ಸಿಗ್ನಲ್ ಸಮಯ ಬದಲಿಸುವವರು ಒಬ್ಬರು, ಬಸ್ ಬಿಡುವವರು ಇನ್ನೊಬ್ಬರು, ದಾರಿ ಆರಿಸುವವರು ಸಾವಿರಾರು ಜನ.

“ಮೂರೂ ದಾರಿಗಳನ್ನು ಒಟ್ಟಿಗೆ ಇಟ್ಟು ನೋಡಿಲ್ಲ” ಎಂಬ ಮಾತು ಸುಧಾರಣೆಗೆ ಜಾಗ ಎಲ್ಲಿರಬಹುದು ಎಂಬ ಊಹೆ. ಅದು ಸುಳ್ಳಾಗಲೂಬಹುದು. ಹತ್ತು ವರ್ಷ ಅದೇ ದಾರಿಯಲ್ಲಿ ಗಾಡಿ ಓಡಿಸಿದ ಚಾಲಕ ಕಂಪ್ಯೂಟರಿಗಿಂತ ಮೊದಲೇ ಒಳ್ಳೆಯ ಕ್ರಮ ಕಂಡುಕೊಂಡಿರಬಹುದು. ಹಾಗಿದ್ದರೆ “ಈಗಿನ ದಾರಿಯೇ ಸರಿ” ಎಂಬುದೂ ಒಂದು ಫಲಿತಾಂಶವೇ.

ಈ ಬಗೆಯ ಸಮಸ್ಯೆಗೆ ಹೆಸರೂ ಇದೆ, ಚರಿತ್ರೆಯೂ ಇದೆ. 1959ರಲ್ಲಿ ಜಾರ್ಜ್ ಡಾಂಟ್ಜಿಗ್ ಮತ್ತು ಜಾನ್ ರಾಮ್ಸರ್ ಪೆಟ್ರೋಲ್ ಬಂಕುಗಳಿಗೆ ಇಂಧನ ಹೊತ್ತೊಯ್ಯುವ ಲಾರಿಗಳ ದಾರಿಯನ್ನು ಗಣಿತಕ್ಕೆ ಇಳಿಸಿದರು. ಇಂದು ಇದನ್ನು ವೆಹಿಕಲ್ ರೂಟಿಂಗ್ ಸಮಸ್ಯೆ ಎನ್ನುತ್ತಾರೆ. ಪತ್ರದಲ್ಲಿ ಒಂದು ಸಾಲಿನಲ್ಲಿ ಈ ಹೆಸರು ಹೇಳಿದರೆ ಗೈಡ್‌ಗೆ ಯಾವ ಓಣಿಯಲ್ಲಿ ನಿಂತಿದ್ದೀರಿ ಎಂದು ತಿಳಿಯುತ್ತದೆ, ಅಷ್ಟು ಸಾಕು.

ಎರಡನೇ ಪ್ಯಾರಾ: ಗುರಿ ಒಂದು, ಷರತ್ತು ಮೂರು

> ಗುರಿ: ಒಂದು ಬೆಳಿಗ್ಗೆ ಮೂರೂ ಗಾಡಿಗಳು ಓಡುವ ಒಟ್ಟು ಕಿಲೋಮೀಟರ್ ಕನಿಷ್ಠವಾಗಬೇಕು.
>
> ಷರತ್ತುಗಳು: ಪ್ರತಿ ಸಂಘಕ್ಕೂ ಒಂದೇ ಗಾಡಿ, ಒಂದೇ ಸಲ ಹೋಗಬೇಕು. ಒಂದು ಗಾಡಿಯಲ್ಲಿ 60 ಕ್ಯಾನ್‌ಗಿಂತ ಹೆಚ್ಚು ಹಿಡಿಯುವುದಿಲ್ಲ. ಮೊದಲ ಸಂಘದಲ್ಲಿ ಕ್ಯಾನ್ ಏರಿಸಿದ ಹೊತ್ತಿನಿಂದ ಕೇಂದ್ರದ ಡಾಕ್‌ಗೆ ಬರುವವರೆಗೆ 3 ಗಂಟೆ ಮೀರಬಾರದು. ಈ ಮೂರು ಗಂಟೆ ಸದ್ಯಕ್ಕೆ ನಮ್ಮ ಅಂದಾಜು. ಕೇಂದ್ರದವರನ್ನು ಕೇಳಿ ಸರಿಪಡಿಸುತ್ತೇವೆ, ಎರಡೂವರೆ ಮತ್ತು ಮೂರೂವರೆ ಗಂಟೆಗೂ ಲೆಕ್ಕ ಹಾಕಿ ನೋಡುತ್ತೇವೆ.

ಸಮಯದ ಷರತ್ತು ಯಾಕೆಂದು ಹಳ್ಳಿಯವರಿಗೆ ವಿವರಿಸಬೇಕಿಲ್ಲ. ತಂಪಾಗದ ಹಾಲು ಕ್ಯಾನಿನಲ್ಲಿ ಕುಲುಕುತ್ತಾ ಹೋದರೆ ಬೇಸಿಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಹುಳಿಗೆ ತಿರುಗುತ್ತದೆ. ಕೇಂದ್ರದ ಡಾಕ್‌ನಲ್ಲಿ ಅನುಮಾನ ಬಂದ ಹಾಲನ್ನು ಸ್ವಲ್ಪ ತೆಗೆದು ಕುದಿಸಿ ನೋಡುತ್ತಾರೆ. ಒಡೆದರೆ ಆ ಹಾಲು ಒಳ್ಳೆಯ ಹಾಲಿನ ಜೊತೆ ಸೇರುವುದಿಲ್ಲ. ಆದರೆ ಕಿಲೋಮೀಟರ್ ಮಾತ್ರ ನೋಡಿದ ಮಾದರಿ ದೂರದ ಊರಿನ ಹಾಲನ್ನು ಮೊದಲು ಏರಿಸಿ ಇಡೀ ತಾಲ್ಲೂಕು ಸುತ್ತಿಸಿದರೂ ಸರಿ ಎಂದುಬಿಡುತ್ತದೆ.

ಷರತ್ತುಗಳು ಮೂರೇ ಇರುವುದೂ ಬೇಕೆಂದೇ. ಚಾಲಕನ ವಿಶ್ರಾಂತಿ, ಡೀಸೆಲ್ ಬೆಲೆಯ ಏರಿಳಿತ, ಮಳೆಗಾಲದ ಕೆಸರು ಎಲ್ಲವನ್ನೂ ಮೊದಲ ಪತ್ರದಲ್ಲೇ ತುಂಬಿದರೆ ಪ್ರತಿಯೊಂದಕ್ಕೂ ಅಂಕಿ ತರಬೇಕಾಗುತ್ತದೆ. ಒಂದು ಷರತ್ತು ಬರೆದರೆ ಅದರ ಹಿಂದೆ ಒಂದು ಅಂಕಿಯ ಸಾಲ ಹೊತ್ತಂತೆ. ಆ ಸಾಲ ತೀರಿಸಲು ಆಗುತ್ತದೆಯೇ ಎಂದು ನೋಡಿಕೊಂಡು ಬರೆಯುವುದು ಒಳ್ಳೆಯದು.

ಲೀಟರೋ, ಕ್ಯಾನೋ?

ಪತ್ರದಲ್ಲಿ ಪುಟ್ಟದೊಂದು ಲೆಕ್ಕವನ್ನು ಕೈಯಲ್ಲೇ ಮಾಡಿ ತೋರಿಸಿದರೆ ಗೈಡ್‌ಗೆ ಹುಡುಗರು ಸಮಸ್ಯೆಯನ್ನು ಮುಟ್ಟಿ ನೋಡಿದ್ದಾರೆಂದು ನಂಬಿಕೆ ಬರುತ್ತದೆ. ನಮ್ಮ ಮಾದರಿ ಪತ್ರದ ವಿದ್ಯಾರ್ಥಿನಿ ಮೂರು ಸಂಘಗಳನ್ನು ಆರಿಸಿಕೊಂಡಿದ್ದಾಳೆ. ಕೇಂದ್ರದಿಂದ ಮೊದಲನೆಯದು 12 ಕಿ.ಮೀ., ಎರಡನೆಯದು 14, ಮೂರನೆಯದು 9. ಮೊದಲ ಮತ್ತು ಎರಡನೆಯ ಊರಿನ ನಡುವೆ 4 ಕಿ.ಮೀ., ಮೊದಲ ಮತ್ತು ಮೂರನೆಯದರ ನಡುವೆ 10, ಎರಡು ಮತ್ತು ಮೂರರ ನಡುವೆ 13.

ಪ್ರತಿ ಊರಿಗೂ ಬೇರೆ ಬೇರೆ ಹೋಗಿ ಬಂದರೆ 24, 28, 18 ಸೇರಿ 70 ಕಿ.ಮೀ. ಎರಡು ಊರುಗಳನ್ನು ಒಂದೇ ಸುತ್ತಿಗೆ ಸೇರಿಸಿದರೆ ಎಷ್ಟು ಉಳಿಯುತ್ತದೆ ಎಂದು ನೋಡುವುದು 1964ರಲ್ಲಿ ಕ್ಲಾರ್ಕ್ ಮತ್ತು ರೈಟ್ ಕೊಟ್ಟ ವಿಧಾನ. ಕೇಂದ್ರದಿಂದ ಎರಡೂ ಊರಿಗೆ ಇರುವ ದೂರ ಕೂಡಿಸಿ, ಆ ಊರುಗಳ ನಡುವಿನ ದೂರ ಕಳೆದರೆ ಉಳಿತಾಯ ಸಿಗುತ್ತದೆ. ಒಂದು ಮತ್ತು ಎರಡಕ್ಕೆ 12 ಕೂಡಿಸು 14, ಅದರಲ್ಲಿ 4 ಕಳೆದರೆ 22. ಒಂದು ಮತ್ತು ಮೂರಕ್ಕೆ 11. ಎರಡು ಮತ್ತು ಮೂರಕ್ಕೆ 10. ದೊಡ್ಡ ಉಳಿತಾಯದಿಂದ ಶುರು ಮಾಡಿ, ಗಾಡಿಯಲ್ಲಿ ಜಾಗ ಇರುವವರೆಗೆ ಸೇರಿಸುತ್ತಾ ಹೋಗಬೇಕು.

ಈಗ ಹಾಲು. ಮೂರು ಸಂಘಗಳಲ್ಲಿ ಕ್ರಮವಾಗಿ 690, 970, 730 ಲೀಟರ್. ಒಟ್ಟು 2390. ಒಂದು ಕ್ಯಾನಿಗೆ 40 ಲೀಟರಿನಂತೆ 60 ಕ್ಯಾನಿನ ಗಾಡಿಯಲ್ಲಿ 2400 ಲೀಟರ್ ಹಿಡಿಯುತ್ತದೆ. ಹಾಗಾಗಿ ಲೀಟರಿನಲ್ಲಿ ಲೆಕ್ಕ ಹಾಕಿದವರು ಮೂರನ್ನೂ ಒಂದೇ ಗಾಡಿಗೆ ಹಾಕಿ, ಮೂರನೆಯ ಊರಿನಿಂದ ಮೊದಲನೆಯದಕ್ಕೆ, ಅಲ್ಲಿಂದ ಎರಡನೆಯದಕ್ಕೆ, ಅಲ್ಲಿಂದ ಕೇಂದ್ರಕ್ಕೆ 37 ಕಿ.ಮೀ. ಎಂದು ಖುಷಿಪಡುತ್ತಾರೆ.

ಆದರೆ ಗಾಡಿಗೆ ಏರುವುದು ಲೀಟರಲ್ಲ, ಕ್ಯಾನು. 690 ಲೀಟರಿಗೆ ಹದಿನೇಳೂಕಾಲು ಕ್ಯಾನ್ ಆಗುತ್ತದೆ, ಅಂದರೆ 18 ಕ್ಯಾನ್ ಇಡಲೇಬೇಕು. 970ಕ್ಕೆ 25, 730ಕ್ಕೆ 19. ಒಟ್ಟು 62. ಒಂದು ಊರಿನ ಅರೆತುಂಬಿದ ಕ್ಯಾನಿಗೆ ಮುಂದಿನ ಊರಿನ ಹಾಲು ಸುರಿಯುವಂತಿಲ್ಲ, ಯಾಕೆಂದರೆ ತೂಕ, ಕೊಬ್ಬು, ಹಣ ಎಲ್ಲವೂ ಸಂಘವಾರು ಲೆಕ್ಕ. ಹೀಗಾಗಿ ಕಾಗದದ ಮೇಲೆ ಹಿಡಿಸಿದ ಹಾಲಿನಲ್ಲಿ ಎರಡು ಕ್ಯಾನು ಕೊನೆಯ ಊರಿನ ಡೈರಿ ಕಟ್ಟೆಯ ಮೇಲೆಯೇ ಉಳಿಯುತ್ತದೆ. ಸರಿಯಾದ ಉತ್ತರ ಒಂದು ಮತ್ತು ಎರಡನೆಯ ಊರಿಗೆ 43 ಕ್ಯಾನಿನ ಒಂದು ಸುತ್ತು, 30 ಕಿ.ಮೀ.; ಮೂರನೆಯದಕ್ಕೆ ಬೇರೆ ಗಾಡಿ, 18 ಕಿ.ಮೀ.; ಒಟ್ಟು 48.

ಇದೇ ಲೆಕ್ಕದಲ್ಲಿ ಇನ್ನೊಂದು ಸಂಗತಿ ಅಡಗಿದೆ. ಮೊದಲ ಊರಿಗೆ ಮೊದಲು ಹೋದರೂ, ಎರಡನೆಯ ಊರಿಗೆ ಮೊದಲು ಹೋದರೂ ಆ ಸುತ್ತು 30 ಕಿಲೋಮೀಟರೇ. ಆದರೆ ಮೊದಲ ಊರಿನಿಂದ ಶುರು ಮಾಡಿದರೆ ಮೊದಲು ಏರಿದ ಹಾಲು 4 ಕೂಡಿಸು 14, ಅಂದರೆ 18 ಕಿ.ಮೀ. ಪ್ರಯಾಣ ಮಾಡುತ್ತದೆ, ಎರಡನೆಯದರಿಂದ ಶುರು ಮಾಡಿದರೆ 16. ಗಾಡಿಗೆ ಒಂದೇ, ಹಾಲಿಗೆ ಬೇರೆ. ಎರಡು ಊರಿನ ಸುತ್ತಿನಲ್ಲಿ ಈ ವ್ಯತ್ಯಾಸ ಅಲ್ಪ; ಏಳು ಊರಿನ ಸುತ್ತಿನಲ್ಲಿ ಅದೇ ಅರ್ಧ ಗಂಟೆಯಾದೀತು. ದೂರ ಮಾತ್ರ ತಿಳಿದ ಮಾದರಿಗೆ ಈ ಎರಡು ದಿಕ್ಕುಗಳ ನಡುವೆ ಭೇದವೇ ಕಾಣುವುದಿಲ್ಲ.

ಮೂರನೇ ಭಾಗ: ಪ್ರತಿ ಅಂಕಿಗೂ ಒಂದು ತವರು

ಡೇಟಾ ಯೋಜನೆ ಎಂದರೆ “ಡೇಟಾ ಸಂಗ್ರಹಿಸಲಾಗುವುದು” ಎಂಬ ಒಂದು ಸಾಲಲ್ಲ. ಗುರಿ ಮತ್ತು ಷರತ್ತುಗಳಲ್ಲಿ ಬಂದ ಪ್ರತಿ ಅಂಕಿಯನ್ನು ಎತ್ತಿಕೊಂಡು, ಅದು ಎಲ್ಲಿಂದ ಬರುತ್ತದೆ, ಸರಿಯಿದೆಯೆಂದು ಹೇಗೆ ನೋಡುತ್ತೇವೆ ಎಂದು ಬರೆಯಬೇಕು. ಪತ್ರದ ಈ ಭಾಗಕ್ಕೆ ಕೋಷ್ಟಕವೇ ಸಲೀಸು.

| ಬೇಕಾದದ್ದು | ಎಲ್ಲಿಂದ | ಪರೀಕ್ಷೆ |
|---|---|---|
| ಸಂಘವಾರು ಲೀಟರ್, ಕ್ಯಾನ್ | ಕೇಂದ್ರದ ಟ್ರಕ್ ಶೀಟ್, 30 ದಿನ | ಸಂಘದ ಪುಸ್ತಕದೊಂದಿಗೆ 3 ದಿನ ತಾಳೆ |
| ಸಂಘಗಳ ಜಾಗ | ನಾವೇ ಹೋಗಿ ಫೋನಿನ ಜಿಪಿಎಸ್‌ನಲ್ಲಿ | ನಕ್ಷೆಯ ಮೇಲೆ ಚುಕ್ಕಿ ಇಟ್ಟು ನೋಡುವುದು |
| ರಸ್ತೆಯ ದೂರ | ಓಪನ್‌ಸ್ಟ್ರೀಟ್‌ಮ್ಯಾಪ್ ರಸ್ತೆಗಳು | ಗಾಡಿಯ ಮೀಟರ್‌ನೊಂದಿಗೆ ಒಂದು ಸುತ್ತು |
| ನಿಲ್ಲುವ ಸಮಯ | ಮೂರು ಬೆಳಿಗ್ಗೆ ಗಾಡಿಯಲ್ಲಿ ಕೂತು | ಕ್ಯಾನ್ ಸಂಖ್ಯೆಯೊಂದಿಗೆ ಹೋಲಿಕೆ |
| ಈಗಿನ ದಾರಿ | ಶೇಖರಣಾ ವಿಭಾಗ ಮತ್ತು ಚಾಲಕರು | ಜೊತೆಗೆ ಪ್ರಯಾಣ |

ಒಂದೊಂದಾಗಿ ನೋಡೋಣ. ಟ್ರಕ್ ಶೀಟ್ ಎಂದರೆ ಗಾಡಿಯ ಜೊತೆ ಬರುವ ಹಾಳೆ. ಯಾವ ಸಂಘದಿಂದ ಎಷ್ಟು ಎಂಬುದು ಅದರಲ್ಲಿ ಇರುತ್ತದೆ. ಅದನ್ನು ಕಂಪ್ಯೂಟರಿಗೆ ಏರಿಸುವಾಗ ಹೀಗೆ ಒಂದು ಸಾಲಿಗೆ ಒಂದು ದಿನ, ಒಂದು ಸಂಘ ಎಂದು ಇಟ್ಟುಕೊಳ್ಳುವುದಾಗಿ ಪತ್ರ ಹೇಳುತ್ತದೆ:

```
date,shift,soc,litres,cans
2025-01-06,AM,S01,690,18
2025-01-06,AM,S02,970,25
2025-01-06,AM,S03,730,19
```

ಕ್ಯಾನ್ ಸಂಖ್ಯೆಯನ್ನು ಲೀಟರಿನಿಂದ ಭಾಗಿಸಿ ತೆಗೆಯುವ ಬದಲು ಹಾಳೆಯಲ್ಲಿ ಇದ್ದಂತೆಯೇ ಬರೆದುಕೊಳ್ಳುವುದು ಕ್ಷೇಮ. ತುಳುಕದಿರಲೆಂದು ಕೆಲವು ಕಡೆ ಕ್ಯಾನನ್ನು ಕಂಠದವರೆಗೆ ತುಂಬುವುದಿಲ್ಲ. ಭಾಗಾಕಾರದ ಉತ್ತರಕ್ಕಿಂತ ಹಾಳೆಯ ಸಂಖ್ಯೆ ಕಡಿಮೆ ಇದ್ದರೆ ಮಾತ್ರ ಬರೆದವರ ತಪ್ಪೋ ನಕಲಿಸಿದವರ ತಪ್ಪೋ ಹುಡುಕಬೇಕು. ಸಂಘಗಳಿಗೆ ಹೆಸರಿನ ಬದಲು ಸಂಕೇತ ಕೊಟ್ಟಿರುವುದನ್ನೂ ಗಮನಿಸಿ. ರೈತರ ಹೆಸರು, ಅವರಿಗೆ ಸಂದ ಹಣ ಈ ಕೆಲಸಕ್ಕೆ ಬೇಕಿಲ್ಲ. ಬೇಡದ್ದನ್ನು ಕೇಳದಿದ್ದರೆ ಕೇಂದ್ರದವರು ಅನುಮತಿ ಕೊಡುವುದೂ ಸುಲಭ.

ಮೂವತ್ತು ದಿನವನ್ನು ಯಾವ ತಿಂಗಳಲ್ಲಿ ಆರಿಸುವುದು? ಮಳೆಗಾಲ ಕಳೆದು ಹಸಿರು ಮೇವು ಸಿಗುವ ಚಳಿಗಾಲದಲ್ಲಿ ಹಾಲು ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಏಪ್ರಿಲ್‌ನ ಹಾಲಿಗೆ ಹೊಂದಿಸಿದ ದಾರಿ ಡಿಸೆಂಬರಿನಲ್ಲಿ ತುಂಬಿ ಹರಿಯುತ್ತದೆ. ಆದ್ದರಿಂದ ಹಾಲು ಹೆಚ್ಚಿರುವ ತಿಂಗಳಿನಿಂದ 15 ದಿನ, ಕಡಿಮೆ ಇರುವ ತಿಂಗಳಿನಿಂದ 15 ದಿನ ಕೇಳಬೇಕು. ಸರಾಸರಿ ತೆಗೆದು ಅದರ ಮೇಲೆ ದಾರಿ ಕಟ್ಟುವುದು ಇಲ್ಲಿಯ ದೊಡ್ಡ ಬಲೆ. ಸರಾಸರಿಗೆ ಗಾಡಿ ಸರಿಯಾಗಿ ತುಂಬಿದರೆ, ಸರಾಸರಿಗಿಂತ ಹೆಚ್ಚು ಹಾಲು ಬಂದ ದಿನವೆಲ್ಲ ಕ್ಯಾನು ಹೊರಗುಳಿಯುತ್ತದೆ. ದಾರಿ ಸಿದ್ಧವಾದ ಮೇಲೆ ಅದನ್ನು ಮೂವತ್ತೂ ದಿನಗಳ ಹಾಲಿನ ಮೇಲೆ ಒಂದೊಂದಾಗಿ ಓಡಿಸಿ, ಎಷ್ಟು ದಿನ 60 ಕ್ಯಾನ್ ಮೀರಿತು ಎಂದು ಎಣಿಸುವುದೇ ನೇರವಾದ ಪರೀಕ್ಷೆ.

ಜಾಗದ ವಿಷಯದಲ್ಲಿ ಆಗುವ ತಪ್ಪು ತಮಾಷೆಯದು. ಫೋನು ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ ತೋರಿಸುತ್ತದೆ. ದೂರ ಲೆಕ್ಕ ಹಾಕುವ `OSRM` ತಂತ್ರಾಂಶ ಕೇಳುವುದು `lon,lat`, ಅಂದರೆ ತಿರುವುಮುರುವು. ಹಳೇ ಮೈಸೂರು ಕಡೆಯ 13 ಡಿಗ್ರಿ ಅಕ್ಷಾಂಶ, 77 ಡಿಗ್ರಿ ರೇಖಾಂಶದ ಊರನ್ನು ಅದಲುಬದಲು ಕೊಟ್ಟರೆ ಚುಕ್ಕಿ ಬೀಳುವುದು ನಾರ್ವೆಯಿಂದಲೂ ಉತ್ತರಕ್ಕಿರುವ ಹಿಮಸಾಗರದಲ್ಲಿ. ತಂತ್ರಾಂಶ ಎಷ್ಟೋ ಸಲ ದೂರು ಹೇಳದೆ ಹತ್ತಿರದ ಯಾವುದೋ ರಸ್ತೆಗೆ ಅಂಟಿಸಿ ಒಂದು ದೂರ ಕೊಟ್ಟುಬಿಡುತ್ತದೆ. ಲೆಕ್ಕಕ್ಕೆ ಮೊದಲು ಎಲ್ಲ ಚುಕ್ಕಿಗಳನ್ನು ನಕ್ಷೆಯ ಮೇಲೆ ಇಟ್ಟು ಕಣ್ಣಾಡಿಸಿದರೆ ಇದು ತಕ್ಷಣ ಸಿಕ್ಕಿಬೀಳುತ್ತದೆ.

ರಸ್ತೆಯ ದೂರ ಎಂದು ಒತ್ತಿ ಹೇಳಿರುವುದಕ್ಕೂ ಕಾರಣವಿದೆ. ಎರಡು ಜಿಪಿಎಸ್ ಬಿಂದುಗಳ ನಡುವೆ ಗೆರೆ ಎಳೆದು ದೂರ ತೆಗೆಯುವ ಸೂತ್ರ ಸುಲಭವಾಗಿ ಸಿಗುತ್ತದೆ. ಆದರೆ ಕೆರೆಯ ಆಚೆ ಈಚೆ ದಡದಲ್ಲಿರುವ ಎರಡು ಊರುಗಳು ಗೆರೆಯ ಲೆಕ್ಕದಲ್ಲಿ ಪಕ್ಕದ ಮನೆಗಳು. ಗಾಡಿ ಮಾತ್ರ ಏರಿ ಬಳಸಿ, ಕೋಡಿ ದಾಟಿ ಹೋಗಬೇಕು. ಗೆರೆಯ ದೂರ ನಂಬಿದ ಮಾದರಿ ಇಂಥ ಊರುಗಳನ್ನೇ ಹುಡುಕಿ ಹುಡುಕಿ ಜೋಡಿಸುತ್ತದೆ, ಯಾಕೆಂದರೆ ಅದರ ಕಣ್ಣಿಗೆ ಉಳಿತಾಯ ಅಲ್ಲೇ ದೊಡ್ಡದಾಗಿ ಕಾಣುತ್ತದೆ. ಕನಿಷ್ಠ ಹುಡುಕುವ ಯಾವುದೇ ಲೆಕ್ಕದ ಸ್ವಭಾವವೇ ಅದು: ಡೇಟಾದಲ್ಲಿ ತಪ್ಪಾಗಿ ಚಿಕ್ಕದಾದ ಅಂಕಿ ಎಲ್ಲಿದೆಯೋ ಅಲ್ಲಿಗೇ ಹೋಗಿ ಕೂರುತ್ತದೆ. ಆದ್ದರಿಂದ ಉತ್ತರ ಬಂದ ಮೇಲೆ ಅದರಲ್ಲಿ ಬಳಕೆಯಾದ ದೂರಗಳನ್ನು ಮಾತ್ರ ಎತ್ತಿಕೊಂಡು ಚಾಲಕರಿಗೆ ತೋರಿಸುವುದು ಒಳ್ಳೆಯ ಅಭ್ಯಾಸ. ಇಪ್ಪತ್ತು ಚಿಲ್ಲರೆ ತುಂಡು ದಾರಿಗಳು ಅಷ್ಟೇ; “ಈ ದಾರೀಲಿ ಗಾಡಿ ಹೋಗಲ್ಲಮ್ಮಾ, ಸೇತುವೆ ಕಿರಿದು” ಎಂಬ ಮಾತು ಅಲ್ಲಿ ಹೊರಬರುತ್ತದೆ.

ನಿಲ್ಲುವ ಸಮಯಕ್ಕೆ ಪುಸ್ತಕವಿಲ್ಲ. ಬೆಳಿಗ್ಗೆ ಗಾಡಿಯಲ್ಲಿ ಕೂತು ಬಂದ ಹೊತ್ತು, ಹೊರಟ ಹೊತ್ತು, ಏರಿಸಿದ ಕ್ಯಾನು, ಇಳಿಸಿದ ಖಾಲಿ ಕ್ಯಾನು ಬರೆದುಕೊಳ್ಳಬೇಕು. ಹಾಲು ಅಳೆಯುವುದು ಮುಗಿಯದೆ ಗಾಡಿ ಕಾದಿದ್ದರೆ ಆ ಕಾಯುವಿಕೆಯನ್ನು ಬೇರೆ ಅಂಕಣದಲ್ಲಿ ಬರೆಯಬೇಕು. ಇಲ್ಲವಾದರೆ ಏರಿಸಲು ಇಪ್ಪತ್ತು ನಿಮಿಷ ಬೇಕೆಂಬ ತಪ್ಪು ಅಂಕಿ ಮಾದರಿಗೆ ಸೇರುತ್ತದೆ. ನಿಜವಾಗಿ ಬೇಕಾಗಿದ್ದದ್ದು ಆ ಊರಿಗೆ ಹದಿನೈದು ನಿಮಿಷ ತಡವಾಗಿ ಹೋಗುವುದು.

ನಾಲ್ಕನೇ ಪ್ಯಾರಾ: ವಿಧಾನ, ಚಿಕ್ಕದಾಗಿ

> ಮೊದಲು ಆರು ಸಂಘಗಳನ್ನು ಮಾತ್ರ ತೆಗೆದುಕೊಂಡು ಎಲ್ಲ ಕ್ರಮಗಳನ್ನೂ ಹಾಕಿ ನೋಡಿ ಅತಿ ಕಡಿಮೆ ದೂರ ಕಂಡುಹಿಡಿಯುತ್ತೇವೆ. ಆಮೇಲೆ 18 ಸಂಘಗಳಿಗೆ ಉಳಿತಾಯದ ವಿಧಾನ, ನಂತರ ಉಚಿತವಾಗಿ ಸಿಗುವ ಓಆರ್-ಟೂಲ್ಸ್ ಬಳಸುತ್ತೇವೆ.

ಆರು ಊರುಗಳನ್ನು ಸಾಲಾಗಿ ಜೋಡಿಸಲು 720 ಕ್ರಮಗಳಿವೆ. ಕಂಪ್ಯೂಟರಿಗೆ ಕಣ್ಣು ಮಿಟುಕಿಸುವ ಹೊತ್ತು. ಹದಿನೆಂಟಕ್ಕೆ ಆ ಸಂಖ್ಯೆ ಆರು ಸಾವಿರ ಲಕ್ಷ ಕೋಟಿಯನ್ನೂ ದಾಟುತ್ತದೆ. ಹಾಗಾಗಿ ದೊಡ್ಡದಕ್ಕೆ ಚುರುಕಾದ ಅಂದಾಜು ವಿಧಾನ ಬೇಕು, ಚಿಕ್ಕದು ಆ ವಿಧಾನವನ್ನು ತಿದ್ದುವ ಕನ್ನಡಿ. ಆರು ಊರಿನಲ್ಲಿ ಎರಡೂ ಉತ್ತರ ತಾಳೆಯಾಗದಿದ್ದರೆ ಹದಿನೆಂಟರ ಉತ್ತರವನ್ನು ನಂಬುವಂತಿಲ್ಲ.

ಇನ್ನೊಂದು ಕನ್ನಡಿಯೂ ಉಂಟು. ಈ ಸಮಸ್ಯೆಗೆ ಸಂಶೋಧಕರು ಬಳಸುವ ಸಾರ್ವಜನಿಕ ಮಾದರಿ ಲೆಕ್ಕಗಳಿವೆ. ಅವುಗಳಲ್ಲಿ `A-n32-k5` ಎಂಬುದು ಕೇಂದ್ರ ಸೇರಿ 32 ಬಿಂದು, 5 ಗಾಡಿಗಳ ಲೆಕ್ಕ. ದೂರಗಳನ್ನು ಹತ್ತಿರದ ಪೂರ್ಣಾಂಕಕ್ಕೆ ತಂದಾಗ ಅದರ ಅತ್ಯುತ್ತಮ ಉತ್ತರ 784 ಎಂದು ಸಾಬೀತಾಗಿದೆ. ನಿಮ್ಮ ಪ್ರೋಗ್ರಾಂ 800 ಕೊಟ್ಟರೆ ಚಿಂತೆಯಿಲ್ಲ, ಅದು ಅಂದಾಜು ವಿಧಾನ. 760 ಕೊಟ್ಟರೆ ಹಿಗ್ಗಬೇಡಿ. ಎಲ್ಲೋ ಒಂದು ಷರತ್ತು ಸೋರಿದೆ, ಅಥವಾ ದಶಮಾಂಶವನ್ನು ಕತ್ತರಿಸಿ ಹಾಕಿದ್ದೀರಿ. ಆ ದಶಮಾಂಶದ ಎಚ್ಚರ ನಮ್ಮ ಹಾಲಿನ ಲೆಕ್ಕಕ್ಕೂ ಬೇಕು. ಓಆರ್-ಟೂಲ್ಸ್‌ನ ದಾರಿ ಹುಡುಕುವ ಭಾಗ ಪೂರ್ಣಾಂಕಗಳನ್ನೇ ಕೇಳುತ್ತದೆ. 1.8 ಕಿ.ಮೀ.ಯನ್ನು 1 ಎಂದು ಕೊಡುವ ಬದಲು 1800 ಮೀಟರ್ ಎಂದು ಕೊಡಬೇಕು.

ಐದನೇ ಪ್ಯಾರಾ: ಯಾವುದರ ಎದುರು ಯಾವುದು?

ಪ್ರಾಜೆಕ್ಟಿನ ಕೊನೆಯ ಪುಟದಲ್ಲಿ ಬರುವ “ಇಷ್ಟು ಶೇಕಡ ಉಳಿತಾಯ” ಎಂಬ ಮಾತು ನಿಲ್ಲುವುದೋ ಬೀಳುವುದೋ ಈ ಪ್ಯಾರಾದಲ್ಲಿ ನಿರ್ಧಾರವಾಗುತ್ತದೆ. ಒಂದು ಲೆಕ್ಕ ನೋಡಿ. ಬಾಡಿಗೆ ಬಿಲ್ಲಿನ ಪ್ರಕಾರ ಈಗಿನ ಮೂರು ದಾರಿಗಳು ಸೇರಿ 142 ಕಿ.ಮೀ. ಹೊಸ ಯೋಜನೆ ನಕ್ಷೆಯ ಲೆಕ್ಕದಲ್ಲಿ 124. ಉಳಿತಾಯ 18 ಕಿ.ಮೀ., ಸುಮಾರು ಶೇ. 12.7. ಕೇಳಲು ಚೆನ್ನಾಗಿದೆ.

ಈಗ ಹಳೆಯ ದಾರಿಯನ್ನೂ ಅದೇ ನಕ್ಷೆಯ ಮೇಲೆ ಓಡಿಸಿ ನೋಡಿದರೆ 131 ಕಿ.ಮೀ. ಬರುತ್ತದೆ ಎನ್ನಿ. ಬಿಲ್ಲಿಗೂ ನಕ್ಷೆಗೂ ಇರುವ 11 ಕಿ.ಮೀ. ವ್ಯತ್ಯಾಸ ಗಾಡಿ ಮನೆಯಿಂದ ಹೊರಟ ದೂರವಿರಬಹುದು, ಬಂಕಿಗೆ ಹೋದ ದೂರವಿರಬಹುದು, ನಕ್ಷೆಯಲ್ಲಿ ಇಲ್ಲದ ಸುತ್ತುಬಳಸು ಇರಬಹುದು. ಹೊಸ ದಾರಿಯಲ್ಲಿ ಗಾಡಿ ಓಡಿದಾಗ ಇದರಲ್ಲಿ ಬಹುಪಾಲು ಮತ್ತೆ ಸೇರಿಕೊಳ್ಳುತ್ತದೆ. ನಿಜವಾದ ಸುಧಾರಣೆ 131ರಿಂದ 124ಕ್ಕೆ, 7 ಕಿ.ಮೀ., ಅಂದರೆ ಶೇ. 5.3. ಪತ್ರದಲ್ಲಿ ಒಂದೇ ಸಾಲು ಬರೆದರೆ ಸಾಕು:

> ಈಗಿನ ದಾರಿಯನ್ನೂ ಹೊಸ ದಾರಿಯನ್ನೂ ಒಂದೇ ದೂರದ ಕೋಷ್ಟಕದಲ್ಲಿ ಅಳೆಯುತ್ತೇವೆ. ಬಿಲ್ಲಿನ ಕಿಲೋಮೀಟರ್ ಜೊತೆ ಹೋಲಿಸುವುದಿಲ್ಲ.

ಈಗಿನ ದಾರಿಗೂ ಅದೇ ಷರತ್ತುಗಳನ್ನು ಹಾಕಿ ನೋಡಬೇಕು. ಈಗಿನ ದಾರಿಯೇ ಮೂರು ಗಂಟೆ ಮೀರುತ್ತಿದ್ದು ಹಾಲು ಒಡೆಯದೆ ಬರುತ್ತಿದ್ದರೆ ನಮ್ಮ ಮೂರು ಗಂಟೆ ಅತಿ ಬಿಗಿ. ಮೂರು ಗಂಟೆಯೊಳಗೇ ಬಂದರೂ ಬೇಸಿಗೆಯಲ್ಲಿ ಹುಳಿ ಹಾಲು ದಾಖಲಾಗುತ್ತಿದ್ದರೆ ಅದು ಸಡಿಲ. ಡಾಕ್‌ನಲ್ಲಿರುವ ಹುಳಿ ಹಾಲಿನ ದಾಖಲೆಯನ್ನು ದಾರಿವಾರು ನೋಡಲು ಕೇಳುವುದು ಇದಕ್ಕೇ.

ಡೇಟಾ ಸಿಗದಿದ್ದರೆ

ಕೇಂದ್ರದವರು ಬಾಯಿಮಾತಿನಲ್ಲಿ “ಬನ್ನಿ, ಕೊಡೋಣ” ಎನ್ನುವುದು ಒಂದು, ಕೈಗೆ ಹಾಳೆ ಸಿಗುವುದು ಇನ್ನೊಂದು. ನಡುವೆ ವಿಭಾಗದ ಮುಖ್ಯಸ್ಥರ ಸಹಿಯ ಪತ್ರ, ಒಕ್ಕೂಟದ ಮೇಲಧಿಕಾರಿಯ ಒಪ್ಪಿಗೆ, ವಾರಗಳ ಕಾಯುವಿಕೆ ಇರುತ್ತದೆ. ಆದ್ದರಿಂದ ಪತ್ರದಲ್ಲಿ ಒಂದು ಗಡುವು, ಒಂದು ಪರ್ಯಾಯ ಇರಬೇಕು.

> ನಾಲ್ಕು ವಾರದೊಳಗೆ ಟ್ರಕ್ ಶೀಟ್ ಸಿಗದಿದ್ದರೆ ನಮ್ಮೂರು ಇರುವ ಒಂದೇ ದಾರಿಯ ಏಳು ಸಂಘಗಳಿಗೆ ಕೆಲಸವನ್ನು ಇಳಿಸಿಕೊಳ್ಳುತ್ತೇವೆ. ಸಂಘದ ಕಾರ್ಯದರ್ಶಿಗಳ ಒಪ್ಪಿಗೆ ಪಡೆದು ಅವರ ಪುಸ್ತಕದಿಂದ ಹತ್ತು ದಿನದ ಒಟ್ಟು ಹಾಲನ್ನು ಬರೆದುಕೊಳ್ಳುತ್ತೇವೆ. ಆಗ ಪ್ರಶ್ನೆ, ಯಾವ ಗಾಡಿಗೆ ಯಾವ ಊರು ಎಂಬುದಲ್ಲ. ಒಂದು ಗಾಡಿ ಯಾವ ಕ್ರಮದಲ್ಲಿ, ಯಾವ ದಿಕ್ಕಿನಲ್ಲಿ ಸುತ್ತಬೇಕು ಎಂಬುದು.

ಇಲ್ಲಿ ಎರಡು ವಿಷಯ ಸರಿಯಾಗಿವೆ. ಡೇಟಾ ಕಡಿಮೆಯಾದಾಗ ಪ್ರಶ್ನೆಯೂ ಚಿಕ್ಕದಾಗಿದೆ. ದೊಡ್ಡ ಪ್ರಶ್ನೆಯನ್ನು ಹಾಗೇ ಇಟ್ಟುಕೊಂಡು ಯಾದೃಚ್ಛಿಕ ಸಂಖ್ಯೆಗಳಿಂದ ಜಾಗ ತುಂಬಿಲ್ಲ. ಮತ್ತು ಬದಲಾದ ಪ್ರಶ್ನೆ ಏನೆಂದು ಮೊದಲೇ ಬರೆದಿಟ್ಟಿದೆ, ಹಾಗಾಗಿ ಎಂಟನೇ ಸೆಮಿಸ್ಟರಿನಲ್ಲಿ ಗೈಡ್‌ಗೆ ಆಶ್ಚರ್ಯವಾಗುವುದಿಲ್ಲ.

ಎಲ್ಲಿಗೆ ನಿಲ್ಲುತ್ತೇವೆ ಎಂಬುದನ್ನೂ ಪತ್ರ ಹೇಳುತ್ತದೆ: ಸಂಜೆಯ ಸರದಿ ಇಲ್ಲ, ಬಲ್ಕ್ ಕೂಲರ್ ಇರುವ ಸಂಘಗಳು ಇಲ್ಲ. ಊರಿನಲ್ಲೇ ಹಾಲನ್ನು 4 ಡಿಗ್ರಿಗೆ ತಂಪು ಮಾಡಿ ಇಡುವ ಕಡೆ ಕ್ಯಾನೂ ಇಲ್ಲ, ಮೂರು ಗಂಟೆಯ ಓಟವೂ ಇಲ್ಲ. ಟ್ಯಾಂಕರ್ ಎಂದು ಬರಬೇಕೆಂಬುದೇ ಅಲ್ಲಿಯ ಪ್ರಶ್ನೆ. ಹದಿನೆಂಟರಲ್ಲಿ ಎರಡು ಊರಿಗೆ ಮುಂದಿನ ವರ್ಷ ಕೂಲರ್ ಬಂದರೆ ಈ ಪ್ರಾಜೆಕ್ಟಿನ ಉತ್ತರ ಹಳೆಯದಾಗುತ್ತದೆ. ಆಗ ಉಳಿಯುವುದು ದೂರದ ಕೋಷ್ಟಕ ಮತ್ತು ಪ್ರೋಗ್ರಾಂ, ಮತ್ತೆ ಓಡಿಸಲು.

ಕೊನೆಯ ಸಾಲುಗಳು

“ಒಪ್ಪಿಗೆ ಕೊಡಿ” ಎಂದು ಮುಗಿಸಿದ ಪತ್ರಕ್ಕೆ ಗೈಡ್ “ನೋಡೋಣ” ಎನ್ನುತ್ತಾರೆ. ಉತ್ತರಿಸಲು ಬರುವ ಪ್ರಶ್ನೆ ಕೇಳಿದರೆ ಉತ್ತರ ಬರುತ್ತದೆ.

> ಮೇಡಂ, ತಮ್ಮಿಂದ ಮೂರು ವಿಷಯ ತಿಳಿಯಬೇಕಿದೆ. ಸಮಯದ ಮಿತಿಯನ್ನು ಕಡ್ಡಾಯ ಷರತ್ತಾಗಿ ಇಡುವುದೋ, ಮೀರಿದ ನಿಮಿಷಕ್ಕೆ ದಂಡ ಹಾಕುವುದೋ? ಮೂವತ್ತು ದಿನದ ಡೇಟಾ ಸಾಕೇ? ಕೇಂದ್ರಕ್ಕೆ ಕೊಡಲು ವಿಭಾಗದ ಪತ್ರ ಈ ವಾರ ಸಿಗಬಹುದೇ? ಮುಂದಿನ ಸೋಮವಾರದಿಂದ ನಾನು ಬೆಳಗಿನ ಗಾಡಿಯಲ್ಲಿ ಹೋಗಿ ಸಮಯ ಬರೆದುಕೊಳ್ಳಲು ಶುರು ಮಾಡುತ್ತೇನೆ; ಚಾಲಕರು ಒಪ್ಪಿದ್ದಾರೆ.
>
> ತಮ್ಮ ವಿಧೇಯ ವಿದ್ಯಾರ್ಥಿನಿ

ಗಡುವಿನೊಳಗೆ ಟ್ರಕ್ ಶೀಟ್ ಬರಲಿ ಬಿಡಲಿ, ಡೇಟಾ ಕೋಷ್ಟಕದ ಐದು ಸಾಲುಗಳಲ್ಲಿ ಒಂದಂತೂ ಸೋಮವಾರ ಬೆಳಿಗ್ಗೆಯಿಂದ ತುಂಬತೊಡಗುತ್ತದೆ.